ಎಫ್‌ಡಿ ಹಣಕ್ಕೆ ಕೊಟ್ಟ ಅರ್ಜಿ ಮುಂದೆ ಹೋಗುತ್ತಿಲ್ಲವೇ? ದೋಷ ಹುಡುಕುವ ಬಗೆ

ಅರ್ಜಿ ಕೊಟ್ಟು ತಿಂಗಳಾದರೂ ಬ್ಯಾಂಕಿನಿಂದ ಸುದ್ದಿ ಇಲ್ಲ ಅಂದರೆ ನಾವು ಮೊದಲು ಬೈಯುವುದು ಬ್ಯಾಂಕನ್ನು. ಕೆಲವು ಸಲ ಅದು ಸರಿಯೇ. ಆದರೆ ನಾನು ಮುಂಬೈಯ ಒಂದು ಶಾಖೆಯಲ್ಲಿ ಕೌಂಟರಿನ ಆಚೆ ಕೂತು ವರ್ಷಗಟ್ಟಲೆ ಇಂಥ ಅರ್ಜಿ ಓದಿದವನು. ಎಷ್ಟೋ ಅರ್ಜಿಗಳು ನಿಂತುಹೋಗುವುದು ಆ ಕಾಗದದಲ್ಲೇ ಇರುವ ದೋಷದಿಂದ. ಆ ದೋಷ ಎಲ್ಲಿದೆ ಅಂತ ಪತ್ತೆ ಮಾಡಬಹುದು.

ಇಲ್ಲಿ ಒಂದೇ ಬಗೆಯ ಅರ್ಜಿ ತೆಗೆದುಕೊಳ್ಳುತ್ತೇನೆ. ಖಾತೆದಾರರು ತೀರಿಕೊಂಡಿದ್ದಾರೆ, ಮನೆಯವರು ಹಣ ಕೇಳುತ್ತಿದ್ದಾರೆ. ನಮ್ಮ ಡೊಂಬಿವ್ಲಿಯಲ್ಲಿ ಕನ್ನಡದವರ ಮನೆಗಳಲ್ಲಿ ಇದು ಸ್ವಲ್ಪ ಹೆಚ್ಚೇ ತೊಡಕಾಗುತ್ತದೆ. ಖಾತೆ ಇಲ್ಲಿ, ಸಾವು ಊರಿನಲ್ಲಿ, ಹೆಸರು ಎರಡು ಕಡೆ ಎರಡು ತರ.

ಪಕ್ಕದ ಬಿಲ್ಡಿಂಗಿನ ಒಬ್ಬ ಹುಡುಗ ಅಂಥದೇ ಪತ್ರ ಹಿಡಿದುಕೊಂಡು ಬಂದಿದ್ದ. ತಂದೆ ಫೋರ್ಟ್ ಕಡೆ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು. ಕುಂದಾಪುರದ ಹತ್ತಿರ ಊರಿಗೆ ಹೋದಾಗ ತೀರಿಕೊಂಡರು. "ಅಂಕಲ್, ಅಮ್ಮನ ಸೈನ್ ಹಾಕಿಸಿ ಕೊಟ್ಟು ಒಂದೂವರೆ ತಿಂಗಳಾಯ್ತು. ಹೋದಾಗಲೆಲ್ಲ ನೋಡ್ತೇವೆ ಅಂತಾರೆ" ಅಂದ. ಪತ್ರ ಹೀಗಿತ್ತು. ಕೊಟ್ಟದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಮುಂದೆ ಬರುವ ಹೆಸರು, ನಂಬರು, ತಾರೀಕು ಎಲ್ಲ ಉದಾಹರಣೆಗೆ ಹಾಕಿದ್ದು.

"ವಿಷಯ: ಖಾತೆಯ ಬಗ್ಗೆ.
ಮಾನ್ಯರೇ, ನನ್ನ ಯಜಮಾನರು ಬಹಳ ವರ್ಷಗಳಿಂದ ನಿಮ್ಮ ಬ್ಯಾಂಕಿನ ಗ್ರಾಹಕರು. ಅವರು ಜೂನ್ ತಿಂಗಳಲ್ಲಿ ಊರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮನೆಗೆ ಅವರೇ ಆಧಾರವಾಗಿದ್ದರು. ನಿಮ್ಮ ಬ್ಯಾಂಕಿನಲ್ಲಿ ಅವರ ಖಾತೆ ಮತ್ತು ಎಫ್‌ಡಿ ಇದೆ. ಪಾಸ್‌ಬುಕ್ ಎಂಟ್ರಿ ಆಗದೆ ಬಹಳ ದಿನವಾಗಿದೆ. ಮೊಬೈಲ್ ನಂಬರ್ ಕೂಡ ಬದಲಿಸಬೇಕಾಗಿದೆ. ಆದ್ದರಿಂದ ದಯವಿಟ್ಟು ಬೇಗ ಹಣ ಕೊಟ್ಟು ಸಹಕರಿಸಬೇಕಾಗಿ ವಿನಂತಿ. ಎಲ್ಲ ದಾಖಲೆ ಲಗತ್ತಿಸಿದೆ."

ಬ್ಯಾಂಕಿನವರು ಏನೂ ಮಾಡಿಲ್ಲ ಅಂತೇನಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿ ಕೊಟ್ಟಿದ್ದರು. ಮೊಬೈಲ್ ನಂಬರಿಗೆ ಬೇರೆ ಫಾರ್ಮ್ ಇದೆ, ತುಂಬಿಸಿ ತನ್ನಿ ಅಂದಿದ್ದರು. ದೋಷ ಎಲ್ಲಿದೆ ಅನ್ನುವ ಸುಳಿವು ಇಲ್ಲೇ ಸಿಕ್ಕಿತು.

ಲಕ್ಷಣ ಒಂದು: ಸಣ್ಣ ಕೆಲಸ ಆಯ್ತು, ದೊಡ್ಡದು ಹಾಗೇ ಉಳಿಯಿತು

ಪೆನ್ಸಿಲ್ ತೆಗೆದುಕೊಂಡು, ಬ್ಯಾಂಕು ಮಾಡಬೇಕಾದ ಕೆಲಸ ಪತ್ರದಲ್ಲಿ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಗೆರೆ ಎಳೆಯಿರಿ. ಮೇಲಿನ ಪತ್ರದಲ್ಲಿ ಪಾಸ್‌ಬುಕ್ ಎಂಟ್ರಿ ಇದೆ, ಮೊಬೈಲ್ ಬದಲಾವಣೆ ಇದೆ, "ಹಣ ಕೊಟ್ಟು" ಅನ್ನುವುದಿದೆ. ಹೀಗೆ ಹಲವು ಕೆಲಸ ಒಂದೇ ಪತ್ರದಲ್ಲಿದ್ದರೆ ಕೌಂಟರಿನವರು ತಮ್ಮ ಕೈಯಲ್ಲಿ ಆಗುವುದನ್ನು ಮಾಡುತ್ತಾರೆ. ಅಲ್ಲಿಗೆ ಅವರ ಮಟ್ಟಿಗೆ ಆ ಪತ್ರದ ಕೆಲಸ ಮುಗಿಯಿತು. ಡೆತ್ ಕ್ಲೇಮ್ ನೋಡುವ ಅಧಿಕಾರಿಯ ಮೇಜಿಗೆ ಅದು ಹೋಗುವುದೇ ಇಲ್ಲ. ಹೋಗಬೇಕು ಅಂತ ಪತ್ರವೂ ಎಲ್ಲೂ ಹೇಳಿಲ್ಲ. ವಿಷಯದ ಸಾಲಿನಲ್ಲಿರುವುದು "ಖಾತೆಯ ಬಗ್ಗೆ" ಅಂತ ಮಾತ್ರ. ಬ್ಯಾಂಕಿಗೆ ಬರುವ ಪತ್ರಗಳೆಲ್ಲ ಖಾತೆಯ ಬಗ್ಗೆಯೇ ಅಲ್ವಾ?

ಇದಕ್ಕಿಂತ ಆಳದ ದೋಷ "ಹಣ ಕೊಡಿ" ಅನ್ನುವುದರಲ್ಲಿತ್ತು. ಪಾಸ್‌ಬುಕ್ ತೆರೆದು ನೋಡಿದೆ. ಉಳಿತಾಯ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಕೆಳಗೆ "ಐದರ್ ಆರ್ ಸರ್ವೈವರ್" ಅಂತ ಅಚ್ಚಾಗಿತ್ತು. ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದು, ಒಬ್ಬರು ಹೋದರೆ ಉಳಿದವರಿಗೆ ಸೇರುತ್ತದೆ ಅಂತ ಅದರ ಅರ್ಥ. ಹಾಗಾಗಿ ಆ ಖಾತೆಯಿಂದ ಹಣ ಕೇಳುವ ಅಗತ್ಯವೇ ಆ ತಾಯಿಗೆ ಇಲ್ಲ. ಖಾತೆ ಈಗಲೂ ಅವರದ್ದೇ. ಕೇಳಬೇಕಾದ್ದು ತೀರಿಕೊಂಡವರ ಹೆಸರು ತೆಗೆದು ಖಾತೆಯನ್ನು ತಮ್ಮೊಬ್ಬರ ಹೆಸರಿಗೆ ಮಾಡಿ ಅಂತ.

ಎಫ್‌ಡಿ ಬೇರೆ. ಅದು ತಂದೆಯೊಬ್ಬರ ಹೆಸರಿನಲ್ಲಿತ್ತು, ತಾಯಿ ನಾಮಿನಿ. ಇದು ನಿಜವಾದ ಡೆತ್ ಕ್ಲೇಮ್. ಫಾರ್ಮ್ ಬೇರೆ, ಲಗತ್ತು ಬೇರೆ, ಮಂಜೂರು ಮಾಡುವ ಅಧಿಕಾರಿಯೂ ಬೇರೆ ಇರಬಹುದು.

ಅದಕ್ಕೇ ನಾನು ಪತ್ರವನ್ನು ಎರಡು ಮಾಡಿಸಿದೆ. ಹುಡುಗನಿಗೆ ಇಷ್ಟವಾಗಲಿಲ್ಲ. "ಒಂದೇ ಬ್ಯಾಂಕಿಗೆ ಎರಡು ಅರ್ಜಿ ಯಾಕೆ ಅಂಕಲ್, ತಲೆ ತಿಂತಾರೆ" ಅಂದ. ಒಂದು ಕಾಗದಕ್ಕೆ ಒಂದು ಫೈಲು. ಒಂದು ಫೈಲಿನಲ್ಲಿ ಎರಡು ಕೆಲಸ ಕೂತರೆ, ಒಂದರ ತಕರಾರಿಗೆ ಇನ್ನೊಂದೂ ನಿಲ್ಲುತ್ತದೆ. ಹೆಸರು ತೆಗೆಯುವುದು ಸುಲಭದ ಕೆಲಸ, ಬೇಗ ಆಗುತ್ತದೆ. ಅದು ಎಫ್‌ಡಿಗಾಗಿ ಸುಮ್ನೆ ಕಾಯಬಾರದು. ಮೊಬೈಲ್ ನಂಬರಿನ ಮಾತನ್ನು ಈ ಮೊದಲ ಪತ್ರಕ್ಕೇ ಸೇರಿಸಿದೆವು. ಖಾತೆಗೆ ಜೋಡಿಸಿದ್ದು ತಂದೆಯ ನಂಬರು, ಒಟಿಪಿ ಅದಕ್ಕೇ ಹೋಗುತ್ತಿತ್ತು. ಬ್ಯಾಂಕಿನ ಫಾರ್ಮನ್ನೂ ತುಂಬಿಸಿ ಜೊತೆಗೆ ಇಟ್ಟೆವು. ಪಾಸ್‌ಬುಕ್ ಎಂಟ್ರಿಗೆ ಪತ್ರವೇ ಬೇಡ.

ಲಕ್ಷಣ ಎರಡು: "ಸಿಸ್ಟಮ್‌ನಲ್ಲಿ ತಾಳೆ ಆಗ್ತಿಲ್ಲ"

ಇದು ಉಲ್ಲೇಖದ ದೋಷ. ಹಳೆಯ ಪತ್ರದಲ್ಲಿ ಖಾತೆ ನಂಬರೇ ಇರಲಿಲ್ಲ. ಜೊತೆಗೆ ಝೆರಾಕ್ಸ್ ಇಟ್ಟಿದ್ದೇವಲ್ಲ ಅಂತ ಹುಡುಗನ ವಾದ. ಝೆರಾಕ್ಸ್ ಕಳಚಿ ಬಿದ್ದರೆ ಪತ್ರ ಅನಾಥ. ನಂಬರು ಪತ್ರದ ಮೈಯಲ್ಲೇ ಇರಬೇಕು, ಅದೂ ಮೇಲ್ಭಾಗದಲ್ಲಿ.

ಎಫ್‌ಡಿಯಲ್ಲಿ ಎಡವುವುದು ಹಳೆಯ ರಸೀದಿ ನೋಡಿ ಬರೆಯುವಾಗ. ಈ ಮನೆಯ ರಸೀದಿ 10 ಮಾರ್ಚ್ 2021ರದ್ದು, ಎರಡು ವರ್ಷದ ಅವಧಿ, ಮೊತ್ತ 2,00,000 ರೂಪಾಯಿ. ಅವಧಿ ಮುಗಿದಾಗ ಯಾರೂ ಬ್ಯಾಂಕಿಗೆ ಹೋಗಿರಲಿಲ್ಲ. ಅದು ತಾನಾಗಿಯೇ ರಿನ್ಯೂ ಆಗಿದೆ, ಬಡ್ಡಿ ಅಸಲಿಗೆ ಸೇರಿದೆ. 2025ರ ಮಾರ್ಚಿನಲ್ಲಿ ಮತ್ತೊಮ್ಮೆ ಹಾಗೇ ಆಗಿದೆ. ಈಗ ಕಂಪ್ಯೂಟರಿನಲ್ಲಿರುವ ಮೊತ್ತ, ಮುಗಿಯುವ ತಾರೀಕು ಎರಡೂ ಕೈಯಲ್ಲಿರುವ ರಸೀದಿಗೆ ಹೊಂದುವುದಿಲ್ಲ. "2,00,000 ರೂಪಾಯಿ ಕೊಡಿ" ಅಂತ ಬರೆದರೆ ನೀವೇ ತಕರಾರಿಗೆ ದಾರಿ ಮಾಡಿಕೊಟ್ಟ ಹಾಗೆ. ರಸೀದಿಯ ನಂಬರು, ತಾರೀಕು, ಮೂಲ ಮೊತ್ತ ಬರೆಯಿರಿ. ಆಮೇಲೆ "ನಂತರ ನವೀಕರಣವಾಗಿರುವಂತೆ, ಅಸಲು ಮತ್ತು ಈವರೆಗಿನ ಬಡ್ಡಿ" ಅಂತ ಸೇರಿಸಿ. ಲೆಕ್ಕ ಅವರು ಮಾಡಿಕೊಳ್ಳಲಿ.

ಕೆಲವು ರಸೀದಿಯಲ್ಲಿ ಎಫ್‌ಡಿ ಖಾತೆ ನಂಬರು ಬೇರೆ, ರಸೀದಿಯ ಅಚ್ಚಾದ ಕ್ರಮಸಂಖ್ಯೆ ಬೇರೆ ಇರುತ್ತದೆ. ಯಾವುದು ಯಾವುದು ಅಂತ ಗೊತ್ತಾಗದಿದ್ದರೆ ಎರಡನ್ನೂ ಬರೆಯಿರಿ. ಗ್ರಾಹಕ ಸಂಖ್ಯೆ ಇದ್ದರೆ ಅದನ್ನೂ ಹಾಕಿ. ಅದೊಂದು ಸಿಕ್ಕರೆ ಆ ವ್ಯಕ್ತಿಯ ಎಲ್ಲ ಖಾತೆಗಳೂ ತೆರೆ ಮೇಲೆ ಬರುತ್ತವೆ, ಮನೆಯವರಿಗೆ ಗೊತ್ತಿಲ್ಲದ ಎಫ್‌ಡಿ ಕೂಡ. ಹಣ ಹಾಕಬೇಕಾದ ಖಾತೆಯ ಐಎಫ್‌ಎಸ್‌ಸಿ ಬರೆಯುವಾಗ ಒಂದು ಎಚ್ಚರ. ಅದರಲ್ಲಿ 11 ಅಕ್ಷರ ಅಂಕಿಗಳಿರುತ್ತವೆ, ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ "ಓ" ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ.

ನಾಮಿನಿ ಯಾರು ಅನ್ನುವುದನ್ನು ಊಹೆಯಿಂದ ಬರೆಯಬೇಡಿ. ಎಷ್ಟೋ ರಸೀದಿಗಳಲ್ಲಿ "ನಾಮಿನೇಷನ್ ರಿಜಿಸ್ಟರ್ಡ್" ಅಂತ ಮಾತ್ರ ಇರುತ್ತದೆ, ಹೆಸರು ಇರುವುದಿಲ್ಲ. ಮೊದಲೇ ಶಾಖೆಯಲ್ಲಿ ಕೇಳಿ. ಮದುವೆಗೆ ಮುಂಚೆ ಮಾಡಿದ ಎಫ್‌ಡಿಯಲ್ಲಿ ಅತ್ತೆಯವರ ಹೆಸರಿದ್ದು, ಸೊಸೆ ಕ್ಲೇಮ್ ಹಾಕಿ ಮುಜುಗರ ಆದದ್ದನ್ನು ನೋಡಿದ್ದೇನೆ.

ಹೆಸರಿನ ಗಂಟು

ನಮ್ಮವರ ಅರ್ಜಿಗಳಲ್ಲಿ ಅತಿ ಜಾಸ್ತಿ ಸಮಯ ತಿನ್ನುವುದು ಇದು. ಮುಂಬೈಯಲ್ಲಿ ಖಾತೆ ತೆರೆಯುವಾಗ ಇಲ್ಲಿನ ರೂಢಿಯಂತೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂತ ಬರೆಸುತ್ತೇವೆ: "ಮಂಜುನಾಥ ನಾರಾಯಣ ಪೂಜಾರಿ". ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ. ಹಾಗಾಗಿ ಮರಣ ಪ್ರಮಾಣಪತ್ರ ಊರಿನದ್ದು. ಅಲ್ಲಿ ಇನಿಶಿಯಲ್ ರೂಢಿ: "ಎನ್. ಮಂಜುನಾಥ ಪೂಜಾರಿ". ಕರ್ನಾಟಕದ ಪ್ರಮಾಣಪತ್ರದಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುತ್ತದೆ, ಆದ್ದರಿಂದ ಓದಲು ತೊಂದರೆ ಇಲ್ಲ. ಆದರೆ ಇಂಗ್ಲಿಷ್ ಕಾಗುಣಿತದಲ್ಲಿ ಪೂಜಾರಿಯ "ಪೂ" ಒಂದು ಕಡೆ ಎರಡು "ಓ" ಹಾಕಿ ಬರೆದಿರುತ್ತಾರೆ, ಇನ್ನೊಂದು ಕಡೆ ಒಂದು "ಯು". ಊರಿನವರಿಗೆ ಇದೇನೂ ಅಲ್ಲ. ಕ್ಲೇಮ್ ನೋಡುವ ಅಧಿಕಾರಿಗೆ ಇವರು ಇಬ್ಬರು.

ಬಹಳ ಜನ ಇದನ್ನು ಪತ್ರದಲ್ಲಿ ಹೇಳದೆ ಬಿಡುತ್ತಾರೆ, ಕಣ್ಣಿಗೆ ಬೀಳದಿದ್ದರೆ ಸಾಕು ಅಂತ. ಬಿದ್ದೇ ಬೀಳುತ್ತದೆ. ಒಬ್ಬರು ಕಂಪ್ಯೂಟರಿಗೆ ಏರಿಸುತ್ತಾರೆ, ಇನ್ನೊಬ್ಬರು ತಾಳೆ ನೋಡಿ ಒಪ್ಪಿಗೆ ಕೊಡುತ್ತಾರೆ. ಮೊದಲನೆಯವರು ಬಿಟ್ಟರೂ ಎರಡನೆಯವರು ಬಿಡುವುದಿಲ್ಲ. ನೀವೇ ಮುಂಚೆ ಹೇಳಿದರೆ ಅದು ವಿವರಣೆ, ಅವರು ಕಂಡುಹಿಡಿದರೆ ತಕರಾರು.

ಪತ್ರದಲ್ಲಿ ಎಲ್ಲ ಕಡೆ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ಬಳಸಿ. ಒಂದೇ ಸಾಲಿನಲ್ಲಿ ಇನ್ನೊಂದು ರೂಪ ಹೇಳಿ, ಎರಡನ್ನೂ ಜೋಡಿಸುವ ದಾಖಲೆ ಯಾವುದು ಅಂತ ತೋರಿಸಿ. ಈ ಮನೆಯಲ್ಲಿ ತಂದೆಯ ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರು ಸಮೇತ ಪೂರ್ತಿ ಹೆಸರಿತ್ತು, ಊರಿನ ವಿಳಾಸವೂ ಇತ್ತು. ಮರಣ ಪ್ರಮಾಣಪತ್ರದಲ್ಲಿ ಕೂಡ ಅದೇ ವಿಳಾಸ, ತಂದೆಯ ಹೆಸರು ನಾರಾಯಣ. ಸೇತುವೆಗೆ ಅಷ್ಟು ಸಾಕಿತ್ತು. ಅಂಥ ದಾಖಲೆ ಇಲ್ಲದಿದ್ದರೆ ಇಬ್ಬರೂ ಒಬ್ಬರೇ ಅನ್ನುವ ಅಫಿಡವಿಟ್ ಕೇಳುತ್ತಾರೆ. ಪ್ರಮಾಣಪತ್ರದಲ್ಲೇ ತಪ್ಪಿದ್ದರೆ ನೋಂದಣಿಯಾದ ಊರಿನಲ್ಲೇ ತಿದ್ದಿಸಬೇಕು, ಮುಂಬೈಯಲ್ಲಿ ಅದಕ್ಕೆ ಮದ್ದಿಲ್ಲ.

ತೀರಿಕೊಂಡವರ ಹೆಸರಿಗಿಂತ ನಾಮಿನಿಯ ಹೆಸರಿನ ವ್ಯತ್ಯಾಸವನ್ನು ಬ್ಯಾಂಕು ಗಟ್ಟಿಯಾಗಿ ನೋಡುತ್ತದೆ. ಹಣ ಹೋಗುವುದು ಅವರಿಗೆ ತಾನೇ.

ಲಕ್ಷಣ ಮೂರು: "ಪೇಪರ್ ಪೂರಾ ನಹೀ ಹೈ"

"ಎಲ್ಲ ದಾಖಲೆ ಲಗತ್ತಿಸಿದೆ" ಅನ್ನುವ ಸಾಲು ಯಾರಿಗೂ ಏನೂ ಹೇಳುವುದಿಲ್ಲ. ನೀವು ಏನು ಕೊಟ್ಟಿರಿ ಅನ್ನುವುದಕ್ಕೆ ನಿಮ್ಮ ಕೈಯಲ್ಲೂ ಗುರುತು ಉಳಿಯುವುದಿಲ್ಲ. ನಾಳೆ ಒಂದು ಹಾಳೆ ಕಾಣೆಯಾದರೆ ನೀವು ಕೊಟ್ಟೇ ಇಲ್ಲ ಅಂತಾಗುತ್ತದೆ. ಲಗತ್ತಿಗೆ ಒಂದೊಂದು ನಂಬರು ಹಾಕಿ. ಪ್ರತಿಯೊಂದರ ಮುಂದೆ ಅದು ಝೆರಾಕ್ಸೋ ಮೂಲವೋ, ಮೂಲವಾದರೆ ಬ್ಯಾಂಕು ಇಟ್ಟುಕೊಳ್ಳಲಿಕ್ಕೋ ನೋಡಿ ವಾಪಸ್ ಕೊಡಲಿಕ್ಕೋ ಅಂತ ಬರೆಯಿರಿ. ಅದೇ ನಂಬರನ್ನು ಆಯಾ ಹಾಳೆಯ ಮೂಲೆಯಲ್ಲೂ ಹಾಕಿ.

ಮರಣ ಪ್ರಮಾಣಪತ್ರದ ಮೂಲ ತೋರಿಸಿ ವಾಪಸ್ ತರಬೇಕು, ಝೆರಾಕ್ಸ್ ಮಾತ್ರ ಬಿಡಬೇಕು. ಎಫ್‌ಡಿ ರಸೀದಿ ಹಾಗಲ್ಲ. ಅದರ ಮೂಲವನ್ನೇ ಒಪ್ಪಿಸಬೇಕು. ಒಪ್ಪಿಸುವ ಮುಂಚೆ ಎರಡೂ ಬದಿ ಝೆರಾಕ್ಸ್ ಮಾಡಿ ಇಟ್ಟುಕೊಳ್ಳಿ. ಹಿಂಬದಿಯಲ್ಲಿ ನಾಮಿನಿ ಸಹಿ ಹಾಕುವುದು ಅಧಿಕಾರಿ ಹೇಳಿದ ಮೇಲೆ, ಅವರ ಎದುರೇ ಆಗಲಿ. ಮನೆಯಲ್ಲೇ ಸಹಿ ಹಾಕಿಕೊಂಡು ಲೋಕಲ್ ಟ್ರೈನಿನಲ್ಲಿ ಒಯ್ಯುವುದು ಒಳ್ಳೆಯದಲ್ಲ.

ಕೆಲವು ಕಡೆ ವಾರಸುದಾರಿಕೆ ಪ್ರಮಾಣಪತ್ರ ತನ್ನಿ, ಜಾಮೀನುದಾರರನ್ನು ಕರೆತನ್ನಿ ಅಂತಾರೆ. ನಾಮಿನಿ ನೋಂದಣಿ ಆಗಿದ್ದು, ತಡೆಯುವ ಕೋರ್ಟ್ ಆದೇಶ ಇಲ್ಲದಿದ್ದರೆ ಅದು ಬೇಕಿಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 45ಝಡ್‌ಎ ಕಲಮಿನಂತೆ ನಾಮಿನಿಗೆ ಕೊಟ್ಟರೆ ಬ್ಯಾಂಕಿನ ಹೊಣೆ ತೀರುತ್ತದೆ. ಇಂಥ ಕಡೆ ವಾರಸು ಪತ್ರ, ಜಾಮೀನು ಕೇಳಬಾರದು ಅಂತ ರಿಸರ್ವ್ ಬ್ಯಾಂಕು 2005ರ ಸುತ್ತೋಲೆಯಲ್ಲೇ ಹೇಳಿದೆ. ಆದರೆ ಹಣ ಪೂರ್ತಿ ನಾಮಿನಿಯದ್ದೇ ಆಯಿತು ಅಂತ ಇದರ ಅರ್ಥವಲ್ಲ. ಅವರು ವಾರಸುದಾರರ ಪರವಾಗಿ ಪಡೆಯುತ್ತಾರೆ, ಹಂಚಿಕೆ ಮನೆಯೊಳಗಿನ ವಿಚಾರ. ನಾಮಿನಿಯೇ ಇಲ್ಲದಿದ್ದರೆ ಈ ಪತ್ರ ಕೆಲಸಕ್ಕೆ ಬಾರದು. ಆಗ ಎಲ್ಲ ವಾರಸುದಾರರ ಒಪ್ಪಿಗೆ, ಇಂಡೆಮ್ನಿಟಿ ಬಾಂಡು ಅಂತ ದಾರಿ ಬೇರೆ.

ತಿದ್ದಿದ ಎರಡನೇ ಪತ್ರ

ಎಫ್‌ಡಿಯ ಪತ್ರ ಕೊನೆಗೆ ಹೀಗಾಯಿತು.

ವಿಷಯ: ಡೆತ್ ಕ್ಲೇಮ್ – ದಿ. ಮಂಜುನಾಥ ನಾರಾಯಣ ಪೂಜಾರಿ ಅವರ ಎಫ್‌ಡಿ ಖಾತೆ ನಂ. 000123456 – ಅವಧಿಗೆ ಮುಂಚೆ ಮುಚ್ಚಿ ನಾಮಿನಿಗೆ ಪಾವತಿಸುವ ಬಗ್ಗೆ

ಉಲ್ಲೇಖ: ಗ್ರಾಹಕ ಸಂಖ್ಯೆ 0004567, ರಸೀದಿ ಕ್ರಮಸಂಖ್ಯೆ 7890, ತಾರೀಕು 10-03-2021, ಮೂಲ ಮೊತ್ತ 2,00,000 ರೂ. (ನಂತರ ನವೀಕರಣವಾಗಿದೆ)

ಮಾನ್ಯರೇ,

ಮೇಲಿನ ಎಫ್‌ಡಿಗೆ ನಾನು ನೋಂದಾಯಿತ ನಾಮಿನಿ. ಇದನ್ನು ಈಗಲೇ ಮುಚ್ಚಿ, ಅಸಲು ಮತ್ತು ಈವರೆಗಿನ ಬಡ್ಡಿಯನ್ನು ನಿಮ್ಮದೇ ಶಾಖೆಯಲ್ಲಿರುವ ನನ್ನ ಉಳಿತಾಯ ಖಾತೆ ನಂ. 000987654ಕ್ಕೆ ಜಮಾ ಮಾಡಬೇಕಾಗಿ ಕೋರುತ್ತೇನೆ.

ಖಾತೆದಾರರಾದ ನನ್ನ ಪತಿ 12-06-2025ರಂದು ತೀರಿಕೊಂಡಿದ್ದಾರೆ. ಮರಣ ಪ್ರಮಾಣಪತ್ರದಲ್ಲಿ ಅವರ ಹೆಸರು "ಎನ್. ಮಂಜುನಾಥ ಪೂಜಾರಿ" ಎಂದಿದೆ. ಇಬ್ಬರೂ ಒಬ್ಬರೇ. ತಂದೆಯ ಹೆಸರು ಮತ್ತು ವಿಳಾಸ ಹೊಂದುವುದನ್ನು ಲಗತ್ತು 3ರಲ್ಲಿ ನೋಡಬಹುದು.

ಬೇರೆ ಯಾವುದಾದರೂ ದಾಖಲೆ ಬೇಕಿದ್ದರೆ ಲಿಖಿತವಾಗಿ ಒಂದೇ ಸಲ ತಿಳಿಸಿ.

ಲಗತ್ತು:
1. ಬ್ಯಾಂಕಿನ ಕ್ಲೇಮ್ ಫಾರ್ಮ್, ತುಂಬಿಸಿ ಸಹಿ ಮಾಡಿದ್ದು (ಮೂಲ)
2. ಮರಣ ಪ್ರಮಾಣಪತ್ರ (ಝೆರಾಕ್ಸ್, ಮೂಲ ತೋರಿಸಿ ವಾಪಸ್ ಪಡೆಯಲು)
3. ಮೃತರ ಆಧಾರ್ (ಝೆರಾಕ್ಸ್)
4. ನಾಮಿನಿಯ ಆಧಾರ್ ಮತ್ತು ಪ್ಯಾನ್ (ಝೆರಾಕ್ಸ್, ಸಹಿ ಮಾಡಿದ್ದು)
5. ಎಫ್‌ಡಿ ರಸೀದಿ (ಮೂಲ, ಒಪ್ಪಿಸಲು)
6. ನಾಮಿನಿಯ ಪಾಸ್‌ಬುಕ್ ಮೊದಲ ಪುಟ (ಝೆರಾಕ್ಸ್)

ಕೆಳಗೆ ಸಹಿ, ಪೂರ್ತಿ ಹೆಸರು, ಡೊಂಬಿವ್ಲಿಯ ವಿಳಾಸ, ಈಗ ಬಳಸುವ ಮೊಬೈಲ್ ನಂಬರು.

"ಈಗಲೇ ಮುಚ್ಚಿ" ಅನ್ನುವುದನ್ನು ಬೇಕೆಂದೇ ಹಾಕಿದ್ದು. ಎಫ್‌ಡಿ ಅವಧಿಯ ಕೊನೆವರೆಗೆ ಓಡಲಿ ಅಂತ ಬಿಡುವ ದಾರಿಯೂ ಇದೆ. ಪತ್ರ ಹೇಳದಿದ್ದರೆ ಅಧಿಕಾರಿ ಕೇಳಲಿಕ್ಕೆ ಫೈಲನ್ನು ಬದಿಗಿಡುತ್ತಾರೆ. ಖಾತೆದಾರರ ಸಾವಿನ ಕಾರಣಕ್ಕೆ ಅವಧಿಗೆ ಮುಂಚೆ ಮುಚ್ಚಿದರೆ ದಂಡ ಹಾಕಬಾರದು ಅಂತಲೂ ಅದೇ 2005ರ ಸುತ್ತೋಲೆಯಲ್ಲಿದೆ. ಆದ್ದರಿಂದ ದಂಡದ ಹೆದರಿಕೆಗೆ ಯಾರೂ ಕಾಯಬೇಕಿಲ್ಲ.

ಹೃದಯಾಘಾತ, ಮನೆಯ ಕಷ್ಟ, ಎಷ್ಟು ವರ್ಷದ ಗ್ರಾಹಕರು, ಎಲ್ಲವನ್ನೂ ತೆಗೆದೆವು. ತಾಯಿಗೆ ಬೇಸರವಾಯಿತು. "ಅವರ ಬಗ್ಗೆ ಒಂದು ಒಳ್ಳೆ ಮಾತೂ ಬೇಡ್ವಾ?" ಅಂದರು. "ಅಮ್ಮ, ಬ್ಯಾಂಕಿನವರು ಇದನ್ನು ಓದುವುದು ಟಿಕ್ ಹಾಕಲಿಕ್ಕೆ ಮಾತ್ರ" ಅಂದೆ. ಪೂರ್ತಿ ಒಪ್ಪಿದರು ಅಂತ ಅನಿಸಲಿಲ್ಲ.

ಲಕ್ಷಣ ನಾಲ್ಕು: "ನಿಮ್ಮ ಅರ್ಜಿ ಬಂದೇ ಇಲ್ಲ"

ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಶಾಖೆಯ ಸೀಲು, ತಾರೀಕು, ಪಡೆದವರ ಸಹಿ. ಬರೀ ಸಹಿ ಸಾಲದು, ಸೀಲು ಮತ್ತು ತಾರೀಕು ಬೇಕು. ಕೊಡಲಿಕ್ಕೆ ಒಪ್ಪದಿದ್ದರೆ ಪತ್ರ ಮತ್ತು ಝೆರಾಕ್ಸ್‌ಗಳನ್ನು ಸ್ಪೀಡ್ ಪೋಸ್ಟಿನಲ್ಲಿ ಶಾಖಾ ಮ್ಯಾನೇಜರರಿಗೆ ಕಳಿಸಿ. ಮೂಲ ರಸೀದಿಯನ್ನು ಮಾತ್ರ ಅಂಚೆಯಲ್ಲಿ ಹಾಕಬೇಡಿ.

ಮಹಾನಗರಪಾಲಿಕೆ, ತಹಸೀಲ್ದಾರ್ ಕಚೇರಿಗೆ ಬರೆಯುವಾಗಲೂ ಇದೇ ತಪಾಸಣೆ ನಡೆಯುತ್ತದೆ. ಖಾತೆ ನಂಬರಿನ ಜಾಗದಲ್ಲಿ ಆಸ್ತಿ ತೆರಿಗೆಯ ಬಿಲ್ಲಿನ ನಂಬರೋ ಹಿಂದಿನ ಪತ್ರದ ನಂಬರೋ ಬರುತ್ತದೆ. ಅಲ್ಲಿ ಮರಾಠಿಯಲ್ಲಿ ಬರೆದರೆ ಬೇಗ ಓದುತ್ತಾರೆ. ಅರ್ಜಿ ಕೊಡಬೇಕಾದ್ದು ಆವಕ್-ಜಾವಕ್ ಕಿಟಕಿಯಲ್ಲಿ, ಅಂದರೆ ಬರುವ ಹೋಗುವ ಕಾಗದ ದಾಖಲಿಸುವ ಕಡೆ. ಅವರು ಹಾಕುವ ಆವಕ್ ನಂಬರು ಸಿಗದೆ ಅಲ್ಲಿಂದ ಕದಲಬೇಡಿ.

ಬ್ಯಾಂಕಿಗೆ ಬೇಕಾದ ಕಾಗದವೆಲ್ಲ ತಲುಪಿದ ಮೇಲೆ ಕ್ಲೇಮ್ ಮುಗಿಸಲು 15 ದಿನದ ಗಡುವಿದೆ. ದಿನ ಎಣಿಸುವುದು ನಿಮ್ಮ ಪ್ರತಿಯ ಮೇಲಿನ ಸೀಲಿನ ತಾರೀಕಿನಿಂದ. ದಾಟಿದರೆ ಹೊಸ ಅರ್ಜಿ ಬರೆಯಬೇಡಿ, ಬರೆದರೆ ಗಡಿಯಾರ ಮತ್ತೆ ಮೊದಲಿನಿಂದ ಶುರು. ಹಳೆಯ ಪತ್ರದ ತಾರೀಕು ಹೇಳಿ, ಸೀಲಿರುವ ಪ್ರತಿಯ ಝೆರಾಕ್ಸ್ ಇಟ್ಟು ಎರಡು ಸಾಲಿನ ಜ್ಞಾಪನ ಪತ್ರ ಕೊಡಿ. ಆಗಲೂ ಆಗದಿದ್ದರೆ ಅದೇ ಬ್ಯಾಂಕಿನ ದೂರು ವಿಭಾಗಕ್ಕೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಹೋಗಬಹುದು. ಬ್ಯಾಂಕಿಗೆ ಮೊದಲು ದೂರು ಕೊಟ್ಟದ್ದಕ್ಕೆ ಗುರುತು ಅಲ್ಲಿ ಕೇಳುತ್ತಾರೆ.

ಈ ಮನೆಯವರಿಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಮೊದಲ ಪತ್ರದ ಕೆಲಸ ಆ ವಾರವೇ ಆಯಿತು. ಎರಡನೆಯದಕ್ಕೆ ಒಂದು ತಕರಾರು ಬಂತು, ಆದರೆ ಲಿಖಿತವಾಗಿ: ನಾಮಿನೇಷನ್‌ನಲ್ಲಿ "ಲಲಿತಾ ಮಂಜುನಾಥ ಪೂಜಾರಿ", ಆಧಾರ್‌ನಲ್ಲಿ ಬರೀ "ಲಲಿತಾ". ಪ್ಯಾನಿನಲ್ಲಿ ಪೂರ್ತಿ ಹೆಸರಿತ್ತು. ಲಗತ್ತು 4 ನೋಡಿ ಅಂತ ಒಂದು ಸಾಲು ಬರೆದುಕೊಟ್ಟರು. ಹಣ ಜಮಾ ಆಯಿತು.